ಎಲೆ ಅಡಿಕೆ ಇಟ್ಟು ವಾಪಸು ಕಳಿಸಿದ ಹಿಟ್ಟಿನ ಡಬ್ಬ

ಪುಟ್ಟಾ, ಚಿನ್ನೂ, ಹೋದ ಸಲ ಬಂದಾಗ ನೀವಿಬ್ಬರೂ ನನ್ನನ್ನು ಒಂದು ಮಾತು ಕೇಳಿದಿರಿ. ಬಾಗಿಲಿಗೆ ಬಂದ ಸೀರೆ ವ್ಯಾಪಾರದವನನ್ನು ನಾನು ಎರಡೇ ಮಾತಿನಲ್ಲಿ ಕಳಿಸಿದ್ದನ್ನು ನೋಡಿ, "ಅಜ್ಜಿ, ನೀನು ಯಾರ ಎದುರಿಗೂ ಬಾಯಿ ಬಿಡಲ್ಲ, ಬೇಡ ಅನ್ನೋದು ಎಲ್ಲಿ ಕಲಿತೆ?" ಅಂದಿರಿ. ಆಗ ನಕ್ಕು ಸುಮ್ಮನಾದೆ. ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ, ನಾನು ಚಾಮರಾಜಪೇಟೆಯ ಒಂದು ಮಹಿಳಾ ಸಮಾಜದಲ್ಲಿ ಹಪ್ಪಳ ಲಟ್ಟಿಸುವ ಕೆಲಸಕ್ಕೆ ಸೇರಿದೆ. ಹನ್ನೊಂದು ಜನ ಹೆಂಗಸರು. ನಡೆಸುತ್ತಿದ್ದವರು ನಿವೃತ್ತರಾದ ಒಬ್ಬ ಸ್ಕೂಲ್ ಮೇಡಂ. ನಾನು ಹಳ್ಳಿಯಲ್ಲಿ ಏಳನೆಯ ತರಗತಿ ಓದಿದವಳು. ಕೈಬರಹ ದುಂಡಗಿತ್ತು ಎಂಬ ಒಂದೇ ಕಾರಣಕ್ಕೆ ಸಮಾಜದ ಕಾಗದ ಪತ್ರ ಬರೆಯುವ ಕೆಲಸವನ್ನೂ ಮೇಡಂ ನನಗೇ ಹಚ್ಚಿದರು.

ನಮ್ಮ ಕೆಲಸ ಹೀಗಿತ್ತು. ದಿನಸಿ ಮಂಡಿಗಳ ತರಗುಪೇಟೆಯಿಂದ ಉದ್ದಿನಬೇಳೆ ತರಿಸುತ್ತಿದ್ದೆವು. ಅದನ್ನು ತಾರಸಿಯ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ, ಕಲ್ಲು ಹೊಟ್ಟು ಆರಿಸಿ, ಪಕ್ಕದ ಅಡ್ಡರಸ್ತೆಯ ಗಿರಣಿಯಲ್ಲಿ ಬೀಸಿಸುವುದು. ಬೇಳೆ ಒಣಗಿಸಿ ಆರಿಸುವ ಕೆಲಸ ಇಬ್ಬರು ಅಜ್ಜಿಯರದು. ಅವರಿಗೆ ಲಟ್ಟಿಸುವಷ್ಟು ತೋಳಿನ ಶಕ್ತಿ ಉಳಿದಿರಲಿಲ್ಲ, ಆದರೆ ಒಂದು ಮೊರ ಬೇಳೆಯಲ್ಲಿ ಒಂದು ಮುಗ್ಗಲು ಕಾಳು ಇದ್ದರೂ ಬೆರಳಿಗೆ ಸಿಗುತ್ತಿತ್ತು. ಲಟ್ಟಿಸಿದ ಹಪ್ಪಳ ಒಳಗೆ ನೆರಳಲ್ಲೇ ಆರುತ್ತದೆ, ಬೇಳೆಗೆ ಬಿಸಿಲೇ ಬೇಕು; ಹಾಗಾಗಿ ಮಳೆಗಾಲದಲ್ಲಿ ಮಾತ್ರ ಎಲ್ಲರೂ ವಾರಗಟ್ಟಲೆ ಕೈಕಟ್ಟಿ ಕೂರಬೇಕಾಗುತ್ತಿತ್ತು.

ಒಂದು ಬೇಸಿಗೆಯ ಬೆಳಿಗ್ಗೆ ತರಗುಪೇಟೆಯ ವ್ಯಾಪಾರಿಯೊಬ್ಬರು ಬಂದರು. ಬಿಳಿ ಪಂಚೆ, ಕೈಯಲ್ಲಿ ಕೊಡೆ. ಅವರದೇ ಹೊಸ ಗಿರಣಿ ಇತ್ತಂತೆ. "ನೀವು ಬೇಳೆ ತರೋದು, ಒಣಗ್ಸೋದು, ಆರ್ಸೋದು, ಇಷ್ಟೆಲ್ಲ ಯಾಕಮ್ಮಾ? ವಾರವಾರ ಹಿಟ್ಟೇ ತಂದು ಬಾಗ್ಲಿಗೆ ಇಳಿಸ್ತೀನಿ. ನೀರು ಹಾಕಿ ಕಲ್ಸ್ಕೊಳ್ಳಿ ಅಷ್ಟೇ," ಅಂದರು. ಐದು ಕಿಲೋ ಹಿಡಿಯುವ ತಗಡಿನ ಡಬ್ಬದಲ್ಲಿ ಒಂದಿಷ್ಟು ಹಿಟ್ಟನ್ನು ನೋಡಲೆಂದು ಬಿಟ್ಟು ಹೋದರು. ಅಜ್ಜಿಯರಲ್ಲಿ ಹಿರಿಯರು ಮೊರವನ್ನು ಕೆಳಗಿಟ್ಟು, "ಹಂಗಾದ್ರೆ ನಾವಿಬ್ರೂ ನಾಳೆಯಿಂದ ಸೊಳ್ಳೆ ಹೊಡ್ಕೊಂಡ್ ಕೂತ್ಕೋಬೇಕು," ಅಂದರು. ಯಾರೂ ನಗಲಿಲ್ಲ.

ಆದರೆ ನನಗೆ ಆ ಹಿಟ್ಟಿನ ಮೇಲೆ ಕುತೂಹಲ. ನೋಡಲು ಮಲ್ಲಿಗೆಯಷ್ಟು ಬೆಳ್ಳಗಿತ್ತು, ನಮ್ಮದಕ್ಕಿಂತ ನುಣುಪಾಗಿತ್ತು. ಒಂದೇ ಮೆಣಸು, ಒಂದೇ ಇಂಗು, ಹಪ್ಪಳದ ಖಾರ ಎನ್ನುವ ಉಪ್ಪು ಹಾಕಿ ಕುದಿಸಿದ ಒಂದೇ ನೀರು. ಹಿಟ್ಟು ಮಾತ್ರ ಬೇರೆ. ಹೀಗೆ ಎರಡು ಮುದ್ದೆ ಕಲಸಿ, ಕುಟ್ಟಿ, ಎಳೆದು ನೋಡಿದೆ. ನಮ್ಮ ಮುದ್ದೆ ಎಳೆದಷ್ಟೂ ಬಂತು. ಅವರದು ನಾಲ್ಕು ಬೆರಳು ಬಂದು ಕಿತ್ತುಹೋಯಿತು. ಲಟ್ಟಿಸಿದರೆ ಅಂಚೆಲ್ಲ ಸೀಳು. ಯಾಕೆಂದು ಎರಡು ದಿನ ಅದೇ ಯೋಚನೆ. ಆಮೇಲೆ ನಮ್ಮ ಗಿರಣಿಯವನನ್ನು ಕೇಳಿದೆ. ಗಿರಣಿಯ ಸದ್ದಿನಲ್ಲಿ ನನ್ನ ದನಿ ಕೇಳಿಸದೆ ಮೂರು ಸಲ ಕೇಳಬೇಕಾಯಿತು. ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿ ಅವನೆಂದ: "ಕಲ್ಲು ಜೋರಾಗಿ ಓಡ್ಸಿದಾರಕ್ಕ. ಹಿಟ್ಟು ಬಿಸಿಯಾಗಿ ಇಳಿದಿದೆ. ಬಿಸಿಯಲ್ಲೇ ಮೂಟೆ ಕಟ್ಟಿದ್ರೆ ಜಿಗುಟು ಸತ್ತೋಗತ್ತೆ. ಚಕ್ಕುಲಿಗೆ ನಡೆಯತ್ತೆ, ಹಪ್ಪಳಕ್ಕೆ ಆಗಲ್ಲ."

ಮೇಡಂಗೆ ಎರಡು ಹಪ್ಪಳವನ್ನೂ ತೋರಿಸಿದೆ. ಎಲ್ಲರನ್ನೂ ಕೂರಿಸಿ ಮಾತಾಡಿ, ಈ ಹಿಟ್ಟು ಬೇಡವೆಂದು ತೀರ್ಮಾನವಾಯಿತು. "ಆದ್ರೆ ಮನುಷ್ಯ ಒಳ್ಳೇವ್ರು. ಮಳೆಗಾಲದಲ್ಲಿ ನಮಗೇ ಅವ್ರು ಬೇಕಾಗಬಹುದು. ಮನಸ್ಸಿಗೆ ನೋವಾಗ್ದೆ ಇರೋ ಹಾಗೆ ತಿಳಿಸಿಬಿಡಮ್ಮ," ಎಂದು ಮೇಡಂ ಆ ಕೆಲಸವನ್ನು ನನಗೆ ಒಪ್ಪಿಸಿ ಮೈಸೂರಿಗೆ ಮಗಳ ಬಾಣಂತನಕ್ಕೆ ಹೊರಟುಹೋದರು.

ನೋವಾಗದೆ ಇರುವ ಹಾಗೆ ಎನ್ನುವುದೊಂದೇ ನನ್ನ ತಲೆಯಲ್ಲಿ ಉಳಿಯಿತು. ಕಾಗದದಲ್ಲಿ ತಮ್ಮ ಹಿಟ್ಟು ತಲುಪಿತು, ತಮ್ಮ ವಿಶ್ವಾಸಕ್ಕೆ ನಾವು ಋಣಿಗಳು, ತಮ್ಮಂಥ ದೊಡ್ಡವರು ನಮ್ಮ ಸಮಾಜಕ್ಕೆ ಬಂದದ್ದೇ ಭಾಗ್ಯ ಎಂದೆಲ್ಲ ಬರೆದೆ. ಬೇಡ ಎಂಬ ಮಾತು ಮಾತ್ರ ಬರೆಯಲು ಕೈ ಬರಲಿಲ್ಲ. ಡಬ್ಬ ವಾಪಸು ಬಂದರೆ ಅವರಿಗೇ ಅರ್ಥವಾಗುತ್ತದೆ ಅಂದುಕೊಂಡೆ. ನಮ್ಮ ಹಳ್ಳಿಯಲ್ಲಿ ಪಾತ್ರೆಯನ್ನು ಬರಿದಾಗಿ ಯಾರೂ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಅಕ್ಕಿಯನ್ನೋ ನಾಲ್ಕು ಮೆಣಸಿನಕಾಯಿಯನ್ನೋ ಹಾಕಿಯೇ ಕೊಡುವುದು. ಹಾಗಾಗಿ ತೊಳೆದು ಒಣಗಿಸಿದ ಡಬ್ಬದಲ್ಲಿ ಎರಡು ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ಇಡೋಣವೆನ್ನಿಸಿತು. ಗಂಡನಿಲ್ಲದ ನನ್ನ ಕೈ ಬೇಡವೆಂದು ಹಿರಿಯ ಅಜ್ಜಿಯಿಂದ ಇಡಿಸಿದೆ; ಅವರ ಯಜಮಾನರು ಇದ್ದರು. ನಮ್ಮಲ್ಲೊಬ್ಬಳ ಗಂಡ ತರಗುಪೇಟೆಯ ಕಡೆಗೇ ಕೆಲಸಕ್ಕೆ ಹೋಗುತ್ತಿದ್ದ. ಅವನ ಕೈಲಿ ಡಬ್ಬವನ್ನೂ ಕಾಗದವನ್ನೂ ಕಳಿಸಿ ನಿರಾಳವಾದೆ.

ಮುಂದಿನ ಸೋಮವಾರ ತಳ್ಳುಗಾಡಿಯೊಂದು ನಮ್ಮ ಬಾಗಿಲಲ್ಲಿ ನಿಂತಿತು. ಗಾಡಿಯ ಮೇಲೆ ನಾಲ್ಕು ಮೂಟೆ ಹಿಟ್ಟು. ಹಿಂದೆಯೇ ಕೊಡೆ ಹಿಡಿದ ವ್ಯಾಪಾರಿ, ಮುಖದ ತುಂಬ ನಗು.

"ಎಲ್ಲಿ ಇಳಿಸೋದಮ್ಮಾ?"

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. "ಇದು... ನಾವು ಕೇಳಿರ್ಲಿಲ್ವಲ್ಲ ಯಜಮಾನ್ರೇ."

"ಕೇಳಿರ್ಲಿಲ್ವಾ? ಎಲೆ ಅಡಿಕೆ, ಕಾಯಿ, ಎಲ್ಲ ಇಟ್ಟು ಕಳ್ಸಿದ್ರಲ್ಲ ತಾಯಿ! ನಮ್ಮ ಪೇಟೆಯಲ್ಲಿ ವೀಳ್ಯ ಕೈ ಸೇರ್ತು ಅಂದ್ರೆ ವ್ಯಾಪಾರ ಕುದುರ್ತು ಅಂತ. ಬೇರೆ ಗಿರಾಕಿಗಳನ್ನ ಬಿಟ್ಟು ನಿಮಗೇ ಬೀಸಿಸಿದೀನಿ."

ಒಳಗಿಂದ ಹಿರಿಯ ಅಜ್ಜಿ ಎಲ್ಲರಿಗೂ ಕೇಳುವಂತೆ ಅಂದರು: "ನನ್ ಕೈಯಲ್ಲೇ ನನ್ ಕೆಲ್ಸಕ್ಕೆ ಎಳ್ಳು ನೀರು ಬಿಡಿಸಿದ್ಯಲ್ಲೇ ಮಹಾತಾಯಿ!"

ಮೇಡಂ ಊರಲ್ಲಿಲ್ಲ. ಗಾಡಿಯವನು ಹಗ್ಗ ಬಿಚ್ಚತೊಡಗಿದ್ದ. ಒಂದು ಮೂಟೆ ನಮ್ಮ ಹೊಸ್ತಿಲು ದಾಟಿದರೆ ಅಜ್ಜಿಯರಿಬ್ಬರ ಕೆಲಸ ಹೋದಂತೆಯೇ. ಇಳಿಸಿಕೊಂಡು ಆಮೇಲೆ ಹೇಳಿದರೆ ಆ ಹಿಟ್ಟು ಅಷ್ಟರೊಳಗೆ ಇನ್ನೂ ಹಳತಾಗಿ, ವ್ಯಾಪಾರಿಗೂ ಪ್ರಯೋಜನಕ್ಕೆ ಬಾರದು. ನಾನು ಸುಮ್ಮನಿದ್ದಷ್ಟೂ ಎಲ್ಲರಿಗೂ ನಷ್ಟ ಹೆಚ್ಚುತ್ತದೆ ಎಂಬುದು ನನಗೆ ಆ ಕ್ಷಣದಲ್ಲಿ ಹೊಳೆಯಿತು.

"ಇಳಿಸ್ಬೇಡಿ," ಅಂದೆ. ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ. "ತಪ್ಪು ನನ್ನದು ಯಜಮಾನ್ರೇ. ಎಲೆ ಅಡಿಕೆ ಇಟ್ಟಿದ್ದು ಮರ್ಯಾದೆಗೆ. ಹಿಟ್ಟು ಬೇಡ ಅಂತ ತೀರ್ಮಾನ ಆಗಿತ್ತು. ಅದನ್ನ ನಾನು ಬರೀಲಿಲ್ಲ."

ಅವರ ನಗು ಇಳಿಯಿತು. "ಬೇಡ ಅನ್ನೋದನ್ನ ಕಾಯಿ ಇಟ್ಟು ಹೇಳೋರನ್ನ ಇವತ್ತೇ ನೋಡಿದ್ದು. ನನ್ನ ಹಿಟ್ಟಿಗೇನಾಗಿದೆ ತಾಯಿ?"

ಆ ಪ್ರಶ್ನೆಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ನಿಜವಾಗಿಯೂ ತಿಳಿಯಬೇಕೆಂಬ ಆಸೆ ಇತ್ತು. ನನಗೂ ಎರಡು ದಿನ ಇದ್ದದ್ದು ಅದೇ ಅಲ್ಲವೇ. ಒಳಗೆ ಕರೆದೆ. ತೆಗೆದಿಟ್ಟಿದ್ದ ಎರಡು ಬಗೆಯ ಹಪ್ಪಳವನ್ನೂ ಕೆಂಡದ ಮೇಲೆ ಸುಟ್ಟು ಕೊಟ್ಟೆ. ನಮ್ಮದು ಉಬ್ಬಿ ಹಗುರಾಯಿತು. ಅವರದು ಅಲ್ಲಲ್ಲಿ ಉಬ್ಬಿ ಅಂಚಿನಲ್ಲಿ ಮುರಿದು ಬಿತ್ತು. ಎರಡನ್ನೂ ಕಚ್ಚಿ ನೋಡಿದರು. ಮುರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಬಿಸಿ ಹಿಟ್ಟಿನ ವಿಷಯ ಹೇಳಿದೆ.

"ಯಾರು ಹೇಳಿದ್ದು ಇದು?"

"ನಮ್ಮ ಗಿರಣಿಯವನು. ಆದ್ರೆ ಎಳೆದು ನೋಡಿದ್ದು ನಾನೇ."

ಮುರಿದ ಅಂಚನ್ನು ಕೆಳಗಿಟ್ಟು, "ಗಿರಣಿ ಹುಡುಗ್ರಿಗೆ ಬೇಗ ಬೇಗ ಆಗ್ಬೇಕು. ನಾನೂ ನೋಡ್ಲಿಲ್ಲ," ಅಂದರು. ಆಮೇಲೆ ಅಜ್ಜಿಯರ ಮೊರಗಳ ಕಡೆ ತಿರುಗಿ, "ಹಿಟ್ಟು ಚೆನ್ನಾಗಿದ್ದಿದ್ರೆ ತಗೋತಿದ್ರಾ?" ಎಂದು ಕೇಳಿದರು.

ಇಲ್ಲಿ ಮತ್ತೆ ಸಿಹಿ ಮಾತಾಡಬಹುದಾಗಿತ್ತು. ಆಡಲಿಲ್ಲ. "ಬಿಸಿಲು ಇರೋ ತಿಂಗಳಲ್ಲಿ ತಗೋತಿರ್ಲಿಲ್ಲ. ಇವರ ಕೈಗೆ ಕೆಲ್ಸ ಬೇಕು. ಮಳೆಗಾಲ ಆದ್ರೆ ಬೇರೆ ಮಾತು. ಆಗ ಬೇಳೆ ಒಣಗಲ್ಲ, ನಮಗೆಲ್ಲ ಕೆಲ್ಸ ನಿಲ್ಲತ್ತೆ. ಬಿಸಿ ಆರಿದ ಮೇಲೆ ಕಟ್ಟಿದ ಹಿಟ್ಟು ತಂದ್ರೆ ಮೊದ್ಲು ಎಳೆದು ನೋಡ್ತೀವಿ. ಸರಿ ಹೋದ್ರೆ ತಗೋತೀವಿ, ಇಲ್ದಿದ್ರೆ ಅವತ್ತೇ ಹೇಳ್ತೀವಿ."

"ಬರೆದು ಕೊಡಿ. ಈ ಸಲ ಎಲೆ ಅಡಿಕೆ ಬೇಡ," ಅಂದರು. ಅಜ್ಜಿ ಕಿಸಕ್ಕನೆ ನಕ್ಕರು. ವ್ಯಾಪಾರಿಯೂ ನಕ್ಕರು.

ಅಲ್ಲೇ ಕೂತು ಬರೆದೆ. ಇವತ್ತಿಗೂ ಸಾಲುಗಳು ನೆನಪಿವೆ. "ತಾವು ತೋರಿಸಿದ ಉದ್ದಿನ ಹಿಟ್ಟನ್ನು ನಮ್ಮ ಸಮಾಜ ಈಗ ತೆಗೆದುಕೊಳ್ಳುವುದಿಲ್ಲ. ಕಾರಣ ಎರಡು: ಹಿಟ್ಟಿಗೆ ಹಪ್ಪಳಕ್ಕೆ ಬೇಕಾದ ಜಿಗುಟು ಇಲ್ಲ, ಬೇಳೆ ಒಣಗಿಸಿ ಆರಿಸುವ ಕೆಲಸವನ್ನು ನಾವು ಬಿಡುವ ಹಾಗಿಲ್ಲ. ಮಳೆಗಾಲದಲ್ಲಿ ಮಾತ್ರ ನಮಗೆ ಹೊರಗಿನ ಹಿಟ್ಟು ಬೇಕಾಗಬಹುದು. ನಿಧಾನವಾಗಿ ಬೀಸಿ, ಬಿಸಿ ಆರಿದ ಮೇಲೆ ಕಟ್ಟಿದ ಒಂದು ಕಿಲೋ ತಂದರೆ ನೋಡಿ ತಿಳಿಸುತ್ತೇವೆ. ಇದು ಒಪ್ಪಂದವಲ್ಲ. ಮೂಟೆಗಳು ಬರುವುದಕ್ಕೆ ನನ್ನ ಅಸ್ಪಷ್ಟ ಕಾಗದವೇ ಕಾರಣ, ಕ್ಷಮಿಸಬೇಕು." ಕೊನೆಯ ಸಾಲನ್ನು ಓದಿ ಅವರು ತಲೆಯಾಡಿಸಿ ಜೇಬಿಗೆ ಹಾಕಿಕೊಂಡರು. ಗಾಡಿಯನ್ನು ಅಲ್ಲಿಂದಲೇ ಚಕ್ಕುಲಿ ಮಾಡುವವರ ಕಡೆಗೆ ತಿರುಗಿಸಿದರು. ಮೇಡಂ ಬಂದ ಮೇಲೆ ಎಲ್ಲ ಹೇಳಿದೆ. ಮೊದಲ ಕಾಗದದ ನಕಲು ಓದಿ, "ಇದನ್ನ ಓದಿದ್ರೆ ನಾನೇ ಮೂಟೆ ಕಳಿಸ್ತಿದ್ದೆ," ಅಂದರು.

ಆಷಾಢದ ಮಳೆಯಲ್ಲಿ ವ್ಯಾಪಾರಿ ಒಂದು ಕಿಲೋ ಹಿಟ್ಟು ತಂದರು. ಎಳೆದು ನೋಡಿದೆವು, ಇನ್ನೂ ಕಿತ್ತುಹೋಗುತ್ತಿತ್ತು. ಇಲ್ಲ ಅಂದೆ, ಎದುರಿಗೇ, ಅವತ್ತೇ. "ಸರಿ" ಎಂದು ಹೋದರು. ಶ್ರಾವಣ ಹುಟ್ಟುವ ಹೊತ್ತಿಗೆ ಮತ್ತೆ ಬಂದರು. ಈ ಸಲ ತಾವೇ ಗಿರಣಿಯಲ್ಲಿ ನಿಂತು ಬೀಸಿಸಿದ್ದರಂತೆ. ಹಿರಿಯ ಅಜ್ಜಿ ಮುದ್ದೆಯನ್ನು ಮೊಳದುದ್ದ ಎಳೆದು, "ಇದು ಹಿಟ್ಟು," ಅಂದರು. ಆ ಮಳೆಗಾಲ ನಮ್ಮ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಒಣಗಿಸುವ ಬೇಳೆಯಿಲ್ಲದ ಅಜ್ಜಿಯರು ಲಟ್ಟಿಸುವವರಿಗೆ ಹಿಟ್ಟಿನ ಉಂಡೆ ಕಟ್ಟಿ ಕೊಟ್ಟರು. ಬಿಸಿಲು ಬಂದ ವಾರವೇ ಹಿಟ್ಟು ನಿಲ್ಲಿಸಿದೆವು, ಹೇಳಿದ ಹಾಗೆ. ಅವರು ಕೇಳಿದ್ದು ಒಂದೇ: "ಮುಂದಿನ ವರ್ಷ ಯಾವ ತಿಂಗಳಿಂದ?"

ಇದರಲ್ಲಿ ದೊಡ್ಡ ವಿಷಯವೇನೂ ಇಲ್ಲ, ಮಕ್ಕಳೇ. ಆದರೆ ನನ್ನಂಥವಳು ಇಲ್ಲ ಎಂದು ಹೇಳಿಯೂ ಆ ಮನುಷ್ಯ ತಿರುಗಿ ಬಂದದ್ದು ಯಾಕೆ ಎಂದು ನಾನು ಈಗಲೂ ಯೋಚಿಸುತ್ತೇನೆ. ನಿಮಗೆ ಉತ್ತರ ಹೊಳೆದರೆ ಹಾಳೆಯ ಹಿಂಬದಿಯಲ್ಲಿ ಬರೆದಿಡಿ, ಅದಕ್ಕೆಂದೇ ಖಾಲಿ ಬಿಟ್ಟಿದ್ದೇನೆ. ಈ ಹಾಳೆಗಳನ್ನು ನಾಲ್ಕಾಗಿ ಮಡಿಸಬೇಡಿ, ಮಡಿಕೆಯಲ್ಲಿ ಇಂಕು ಅಳಿಸುತ್ತದೆ. ಬೀರುವಿನಲ್ಲಿ ಸೀರೆಗಳ ಕೆಳಗೆ ಚಪ್ಪಟೆಯಾಗಿ ಇಟ್ಟುಕೊಳ್ಳಿ.