ಸಫೂರಾ ಬೇಡ ಅಂದ ಬಾಡಿಗೆ

ಕುಣಿಗಲ್ಲಿನಲ್ಲಿ ಹಾಸಿಗೆ ಹೊಲಿಸಬೇಕಾದವರು ಸಫೂರಾಳ ಮನೆ ಕೇಳಿಕೊಂಡು ಬರ್ತಾರೆ. ಬಾಡಿಗೆ ಮನೆಯ ಜಗಲಿಯೇ ಅವಳ ಕಾರ್ಖಾನೆ. ಬೂರುಗದ ಹತ್ತಿ ಹಿಂಜಿ, ಬಟ್ಟೆಗೆ ತುಂಬಿ, ದಬ್ಬಣ ಹಿಡಿದು ಕೂತರೆ ಸಂಜೆಯೊಳಗೆ ಒಂದು ಹಾಸಿಗೆ ಏಳುತ್ತೆ. ಮೋಡ ಕಟ್ಟಿದರೆ ಮಾತ್ರ ಎದೆ ಹೊಡ್ಕೊಳ್ಳುತ್ತೆ. ಹತ್ತಿ ಒಂದು ಸಲ ನೆಂದರೆ ಎಷ್ಟು ಒಣಗಿಸಿದರೂ ಗಂಟು ಬಿಡಲ್ಲ, ಗಿರಾಕಿ ಎರಡನೇ ಸಲ ಬರಲ್ಲ.

ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಅಮ್ಮ ಆಗಲೇ ಇರಲಿಲ್ಲ. ಅಪ್ಪ ಬುಡನ್ ಸಾಬ್ ದನಗಳಿಗೆ ಲಾಳ ಕಟ್ಟುತ್ತಿದ್ದ ಮನುಷ್ಯ. ಸುತ್ತ ಹತ್ತೂರಿನ ಎತ್ತುಗಳ ಗೊರಸೆಲ್ಲ ಅವನ ಕೈಯಲ್ಲಿ ಹಾದುಹೋಗಿದ್ದವು. ಟ್ರ್ಯಾಕ್ಟರ್ ಬಂದು ಎತ್ತು ಹೋಗೋ ಮುಂಚೆ ಹುಲಿಯೂರುದುರ್ಗದ ರಸ್ತೆಯಲ್ಲಿ ಒಂದು ಮಳಿಗೆ ಕಟ್ಟಿಸಿದ್ದ. ಇದ್ದ ಆಸ್ತಿ ಅದೊಂದೇ. ಅದರಲ್ಲಿ ರಂಗರಾಜು ಸೈಕಲ್ ರಿಪೇರಿ ಇಟ್ಟುಕೊಂಡಿದ್ದಾನೆ. ಮಗ ದಸ್ತಗೀರ್ ತುಮಕೂರಿನಲ್ಲಿ ಟೈರ್ ಅಂಗಡಿ ಹಾಕಿ, ಸ್ವಂತ ಮನೆ ಮಾಡಿಕೊಂಡು, ಹಬ್ಬಕ್ಕೆ ಬಂದು ಹೋಗ್ತಿದ್ದ.

ಮೈಯಲ್ಲಿ ಕಸುವಿದ್ದಾಗಲೇ ಬುಡನ್ ಸಾಬ್ ಒಂದು ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿಯಲ್ಲಿ ನಮಾಜು ಮಾಡಿಸೋ ಹಜ್ರತ್ತರನ್ನೂ ಅಲ್ಲಿನ ಆಡಳಿತ ನೋಡಿಕೊಳ್ಳೋ ಮುತವಲ್ಲಿಯನ್ನೂ ಮನೆಗೆ ಕರೆದ. ದಸ್ತಗೀರನೂ ಬಂದಿದ್ದ. ಎಲ್ಲರ ಮುಂದೆ ಅಪ್ಪ ಹೇಳಿದ, ‘ಮಳಿಗೇನ ಮಗಳು ಸಫೂರಾಗೆ ಹಿಬಾ ಮಾಡಿದೀನಿ, ದಾನವಾಗಿ ಕೊಟ್ಟಿದೀನಿ. ನಾನು ಸತ್ತ ಮೇಲೆ ಅಲ್ಲ, ಈಗಲೇ.’ ಪರದೆಯ ಹಿಂದಿನಿಂದ ಮಗಳು ‘ಕಬೂಲ್’ ಅಂದಳು. ಕಾಗದವೂ ಆಯಿತು. ‘ಕಬ್ಜಾ ಕೊಟ್ಟಿದ್ದೇನೆ’, ಅಂದ್ರೆ ಸ್ವಾಧೀನ ಬಿಟ್ಟುಕೊಟ್ಟಿದ್ದೇನೆ ಅನ್ನೋ ಸಾಲನ್ನೂ ಬರೆದು ಅಪ್ಪನ ಹೆಬ್ಬೆಟ್ಟು ಒತ್ತಿಸಿದರು.

ಹಜ್ರತ್ತರು ಏಳುವಾಗ ಎಚ್ಚರಿಸಿದರು. ‘ಬುಡನ್ ಭಾಯ್, ಕೊಟ್ಟೆ ಅಂದಿರಿ, ತಗೊಂಡೆ ಅಂದಳು. ಇನ್ನು ಮಳಿಗೆ ಅವಳ ಕೈಗೆ ಹೋಗ್ಬೇಕು. ಬಾಡಿಗೆದಾರನ್ನ ಕರೆದು ಇನ್ಮೇಲೆ ಬಾಡಿಗೆ ಇವಳಿಗೆ ಕೊಡು ಅಂತ ಹೇಳಿಬಿಡಿ. ಅಲ್ಲಿಗೆ ಪೂರ್ತಿ.’

ಮುತವಲ್ಲಿ ನಕ್ಕರು. ‘ಅಪ್ಪ ಮಗಳ ನಡುವೆ ಅದೆಲ್ಲ ಏನು ಹಜ್ರತ್, ಬನ್ನಿ, ಬಿರಿಯಾನಿ ಆರೋಗುತ್ತೆ.’

ಸಂಜೆ ಬುಡನ್ ಸಾಬ್ ಟೋಪಿ ಹಾಕಿಕೊಂಡು ರಂಗರಾಜು ಹತ್ತಿರ ಹೊರಟ. ಸಫೂರಾ ಬಾಗಿಲಲ್ಲಿ ತಡೆದಳು.

‘ಎಲ್ಲಿಗೆ ಅಬ್ಬಾ?’

‘ರಂಗರಾಜುಗೆ ಹೇಳಿ ಬರ್ತೀನಿ.’

‘ಏನೂ ಹೇಳ್ಬೇಡಿ. ನೀವಿರೋಗಂಟ ಮಳಿಗೆ ನಿಮ್ದೇ. ಅಪ್ಪ ಬದುಕಿರೋವಾಗ್ಲೇ ಬಾಡಿಗೆ ಈಸ್ಕೊಂಡ್ಲು ಅಂತ ಜನ ನನ್ನ ಆಡ್ಕೊಳ್ಳೋದು ಬೇಡ.’

ಅಪ್ಪ ಟೋಪಿ ತೆಗೆದು ಮೊಳೆಗೆ ಹಾಕಿದ. ಅವನಿಗೂ ಒಳಗೊಳಗೇ ಖುಷಿಯಾಗಿರಬೇಕು. ಎಂಥ ಮಗಳು! ಅವತ್ತಿಂದ ಕೊನೇತನಕ ಬಾಡಿಗೆ ಅಪ್ಪನ ಜೇಬಿಗೇ ಹೋಯಿತು. ಪುರಸಭೆಯ ಕಂದಾಯ ಅವನ ಹೆಸರಲ್ಲೇ. ಹೆಂಚು ಒಡೆದರೂ ರಂಗರಾಜು ಕೂಗಿದ್ದು ಅವನನ್ನೇ.

ಇಲ್ಲೇ ನನ್ನ ರಕ್ತ ಕುದಿಯೋದು. ಹೆಣ್ಣುಮಗಳು ತನ್ನದನ್ನ ತಾನು ಕೈಚಾಚಿ ತಗೊಂಡರೆ ಆಸೆಬುರುಕಿ, ತಗೊಳ್ಳದಿದ್ದರೆ ಗುಣವಂತೆ. ಇದನ್ನ ಯಾವ ಷರಿಯತ್ತೂ ಹೇಳಿಕೊಟ್ಟಿಲ್ಲ, ನಮ್ಮ ಬೀದಿ ಹೇಳಿಕೊಟ್ಟಿದ್ದು. ಷರಿಯತ್ತು ತಗೋ ಅಂದಿತ್ತು. ಬಾಯಲ್ಲಿ ಕೊಟ್ಟು ಕೈಯಲ್ಲಿ ಇಟ್ಟುಕೊಳ್ಳೋರು ಇರ್ತಾರೆ ಅಂತಲೇ, ಕೊಟ್ಟೆ, ತಗೊಂಡೆ ಆದ ಮೇಲೆ ಕೈಗೂ ಹೋಗ್ಬೇಕು ಅನ್ನೋ ಆ ಮೂರನೇ ಷರತ್ತು ಇರೋದು. ತಪ್ಪೇನಿದೆ ಅದರಲ್ಲಿ?

ಬುಡನ್ ಸಾಬ್ ಹೋದ. ನಲವತ್ತನೇ ದಿನದ ಫಾತೆಹಾ ಆದ ಮೇಲೆ ದಸ್ತಗೀರ್ ಮಳಿಗೆಯಲ್ಲಿ ಪಾಲು ಕೇಳಿದ. ಹಿಬಾ ನಿಂತರೆ ಮಳಿಗೆ ಪೂರ್ತಿ ಸಫೂರಾಳದು. ನಿಲ್ಲದಿದ್ದರೆ ಅದು ಅಪ್ಪ ಬಿಟ್ಟುಹೋದ ಆಸ್ತಿ, ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ರಂಗರಾಜು ಹೇಗೂ ವರ್ಷದೊಳಗೆ ಅಂಗಡಿ ಮುಚ್ಚಿ ಊರಿಗೆ ಹೋಗೋನಿದ್ದ. ಆಮೇಲೆ ಅಲ್ಲಿ ಹಾಸಿಗೆ ಅಂಗಡಿ ಇಡಬೇಕು, ಮಳೆಗೆ ಹೆದರದೆ ಹತ್ತಿ ಹರಡಬೇಕು ಅಂತ ಸಫೂರಾ ಕನಸು ಕಂಡಿದ್ದಳು.

ಕಾಗದ ಹಿಡಿದು ತುಮಕೂರಿಗೆ ಹೋಗಿ ವಕೀಲೆ ಶಶಿಕಲಾರನ್ನ ಕಂಡಳು. ಅವರು ಓದಿ ಕೇಳಿದರು, ‘ಬಾಡಿಗೆ ಯಾರು ತಗೊಳ್ತಿದ್ರು?’

‘ಅಬ್ಬಾನೇ ಮೇಡಂ. ನಾನು ಒಂದು ಪೈಸಾ ಮುಟ್ಟಿಲ್ಲ,’ ಸಫೂರಾ ತಲೆಯೆತ್ತಿ ಹೇಳಿದಳು.

ವಕೀಲೆ ಪೆನ್ನು ಕೆಳಗಿಟ್ಟರು. ‘ಅಯ್ಯೋ ತಾಯಿ! ಮುಟ್ಟಬೇಕಿತ್ತು ಕಣಮ್ಮ. ನೀನು ಈಸ್ಕೊಂಡು ಅದೇ ದುಡ್ಡನ್ನ ಅವರ ಕೈಗೆ ಇಟ್ಟಿದ್ರೂ ಸಾಕಿತ್ತು. ಹಿಬಾ ಕಾಗದ ಇಲ್ದೇನೂ ಆಗುತ್ತೆ, ಕಬ್ಜಾ ಇಲ್ದೆ ಆಗಲ್ಲ. ಅಪ್ಪ ಮಗಳು ಒಟ್ಟಿಗೆ ವಾಸ ಇದ್ದ ಮನೆಯಾಗಿದ್ರೆ ಬೇರೆ ಮಾತು. ಇದು ಬಾಡಿಗೆಗೆ ಕೊಟ್ಟ ಮಳಿಗೆ.’

‘ಹಂಗಾದ್ರೆ ಹೋಯ್ತಾ?’

‘ಪೂರ್ತಿ ಹೋಗಿಲ್ಲ. ಕಬ್ಜಾ ಕೊಟ್ಟಿದ್ದೀನಿ ಅಂತ ಅಪ್ಪನೇ ಬರೆಸಿದ್ದಾರೆ. ಸುಳ್ಳು ಅಂತ ತೋರಿಸೋ ಭಾರ ನಿಮ್ಮಣ್ಣಂದು. ಸುಳ್ಳು ಹೇಳು ಅಂತ ನಾನು ಹೇಳಲ್ಲ. ಆದ್ರೆ ಕೇಳದೇ ಇರೋದನ್ನ ನೀನಾಗಿ ಹೇಳೋಕೆ ಹೋಗ್ಬೇಡ.’

ಕೋರ್ಟಿಗೆ ಹೋಗೋ ಮುಂಚೆ ಜಮಾತಿನವರು ಮಸೀದಿಯ ಪಕ್ಕದ ಕೋಣೆಗೆ ಎಲ್ಲರನ್ನೂ ಕರೆದರು. ರಂಗರಾಜುವೂ ಬಂದ.

‘ಬಾಡಿಗೆ ಯಾರಿಗೆ ಕೊಡ್ತಿದ್ದೆಯಪ್ಪ?’ ಮುತವಲ್ಲಿ ಕೇಳಿದರು.

ರಂಗರಾಜು ಸಫೂರಾಳ ಕಡೆ ನೋಡಿದ. ‘ಆ ಮನೆಗೆ ಕೊಡ್ತಿದ್ದೆ ಸಾಬ್ರೆ. ಯಾರ ಕೈ ಅಂತ ನೋಡೋಕೆ ನಾನೇನ್ ಬಳೆ ಶೆಟ್ಟೀನಾ?’

ಮುತವಲ್ಲಿಗೂ ನಗು ಬಂತು. ದಸ್ತಗೀರನಿಗೆ ಬರಲಿಲ್ಲ. ‘ತಮಾಷೆ ಬುಡು ರಂಗರಾಜು. ನಾನು ಹಬ್ಬಕ್ಕೆ ಬಂದಾಗೆಲ್ಲ ಅಬ್ಬಾ ನಿನ್ನ ಅಂಗಡಿ ಮುಂದೆ ನಿಂತು ಬಾಡಿಗೆ ಈಸ್ಕೊಳ್ಳೋದು ನೋಡಿದೀನಿ. ಕೊಡೋ ಮನಸ್ಸಿದ್ದೋರು ಯಾಕೆ ಈಸ್ಕೊಳ್ತಾರೆ? ಅಬ್ಬಾ ನಿಮ್ಮನ್ನೆಲ್ಲ ಕೂರಿಸ್ಕೊಂಡು ನಾಟಕ ಆಡಿದ್ರು. ಬೇಯಿಸಿ ಹಾಕೋಕೆ ಮಗಳು ಬೇಕಿತ್ತು, ಕಾಗದ ತೋರಿಸಿ ಮನೇಲಿ ಇಟ್ಕೊಂಡ್ರು, ಅಷ್ಟೇ.’

ಅವತ್ತಿನ ಬಿರಿಯಾನಿ ಉಂಡಿದ್ದ ಮುತವಲ್ಲಿ ಚಾಪೆಯ ಎಳೆ ಕೀಳುತ್ತಿದ್ದರು.

ಸಫೂರಾ ಎದ್ದು ನಿಂತಳು. ರಂಗರಾಜು ‘ಅಕ್ಕ, ಕೂತ್ಕೊಳ್ಳಿ’ ಅಂದ. ಕೂರಲಿಲ್ಲ.

‘ಭಾಯ್, ನನ್ನ ಏನು ಬೇಕಾದ್ರೂ ಅನ್ನು. ಸತ್ತೋರನ್ನ ಸುಳ್ಳರು ಅನ್ಬೇಡ. ಅವತ್ತು ಸಂಜೆ ಅಬ್ಬಾ ಟೋಪಿ ಹಾಕ್ಕೊಂಡು ಹೊರಟಿದ್ರು, ರಂಗರಾಜುಗೆ ಹೇಳೋಕೆ. ನಾನೇ ಬಾಗಿಲಲ್ಲಿ ನಿಂತು ಬೇಡ ಅಂದೆ. ಆಮೇಲೂ ಹೇಳೋಕೆ ಬಿಡ್ಲಿಲ್ಲ. ಅವರು ಕೊಟ್ರು. ತಗೊಳ್ದೇ ಇದ್ದೋಳು ನಾನು.’

ಹಜ್ರತ್ತರು ಕಣ್ಣು ಮುಚ್ಚಿಕೊಂಡರು. ಹಿಬಾ ಅಲ್ಲಿಗೆ ಬಿತ್ತು. ಬೀಳಿಸಿದ್ದು ಅಣ್ಣನಲ್ಲ, ಅವಳ ಬಾಯಿಯೇ. ಅಪ್ಪನ ಮಾತು ಉಳಿಯಿತು, ಮಳಿಗೆ ಹೋಯಿತು.

‘ದಸ್ತಗೀರ್, ಕಾನೂನು ನಿನ್ನ ಕಡೆ ಇದೆ,’ ಹಜ್ರತ್ತರು ನಿಧಾನವಾಗಿ ಹೇಳಿದರು. ‘ಆದ್ರೆ ಅಪ್ಪನ ಮನಸ್ಸು ಏನಿತ್ತು ಅಂತ ಈಗ ನೀನೇ ಕಿವಿಯಾರೆ ಕೇಳಿದೆ. ನಿನ್ನ ಪಾಲು ನೀನಾಗಿ ತಂಗಿಗೆ ಕೊಟ್ಟರೆ ಯಾರೂ ತಡೆಯಲ್ಲ.’

ದಸ್ತಗೀರ್ ತಂಗಿಯ ಮುಖ ನೋಡಲಿಲ್ಲ. ‘ಅವಳಿಗೂ ಒಂದು ಪಾಲು ಇದೆಯಲ್ಲ ಹಜ್ರತ್. ಅನ್ಯಾಯ ಏನಾಗಿದೆ?’ ಅಂದ.

ಅಷ್ಟು ಚಿಕ್ಕ ಮಳಿಗೆಯನ್ನ ಸೀಳೋಕಾಗುತ್ತಾ? ಮಾರಿ ಹಂಚಿಕೊಳ್ಳೋದು ಅಂತಾಯಿತು. ಹೊರಗೆ ಚಪ್ಪಲಿ ಮೆಟ್ಟುವಾಗ ಮುತವಲ್ಲಿ ಪಕ್ಕದವರಿಗೆ ಹೇಳ್ತಿದ್ದರು, ‘ಎಂಥ ಒಳ್ಳೆ ಹೆಣ್ಣುಮಗಳು ನೋಡಿ, ಇಂಥೋರು ಈಗೆಲ್ಲಿ ಸಿಗ್ತಾರೆ!’

ಸಫೂರಾ ತಿರುಗಿ ನಿಂತಳು. ‘ಸಾಬ್, ಅವತ್ತೂ ಇದೇ ಮಾತು ಕೇಳಿಸ್ಕೋಬೇಕು ಅಂತ ಬಾಡಿಗೆ ಬೇಡ ಅಂದೆ. ಇನ್ನು ನನ್ನ ಒಳ್ಳೆಯೋಳು ಅನ್ಬೇಡಿ.’

ಅವಳು ಸೆರಗು ಸರಿಮಾಡಿಕೊಂಡು ಬೇಗ ಬೇಗ ಮನೆ ಕಡೆ ನಡೆದಳು. ಮೋಡ ಕಟ್ಟಿತ್ತು, ಹತ್ತಿ ಜಗಲಿ ಮೇಲಿತ್ತು.