ಒಂದು ಗೆರೆ ಕಡಿಮೆ

ಬಸವಕಲ್ಯಾಣದಿಂದ ಬೆಳಿಗ್ಗೆ ಏಳಕ್ಕೆ ಹೊರಡುವ ಹುಮನಾಬಾದ್ ಬಸ್ಸಿನಲ್ಲಿ ರತ್ನಮಾಲಾ ಎಡಬದಿಯ ಮೂರನೆಯ ಸೀಟಿನ ಕಿಟಕಿಗೆ ಕೂರುತ್ತಾಳೆ. ಪಕ್ಕದ ಜಾಗದ ಮೇಲೆ ದಸ್ತಿಯನ್ನು, ಎಂದರೆ ಕರವಸ್ತ್ರವನ್ನು, ಹಾಸುತ್ತಾಳೆ. ರಾಜೇಶ್ವರದಲ್ಲಿ ಹತ್ತುವ ಸ್ನೇಹಲಳಿಗೆ ಹೀಗೆ ಜಾಗ ಹಿಡಿಯುವುದು ಆರು ವರ್ಷದ ರೂಢಿ. ಇಬ್ಬರದೂ ಹುಮನಾಬಾದಿನ ಒಂದೇ ಔಷಧ ಕಾರ್ಖಾನೆ, ಒಂದೇ ಪರೀಕ್ಷಾಲಯ.

ಈಚೆಗೆ ಮೂರು ವಾರದಿಂದ ಸ್ನೇಹಲ ಅದೇ ಬಸ್ಸು ಹತ್ತುತ್ತಾಳೆ, "ನಮಸ್ಕಾರ ಮೇಡಂ" ಎನ್ನುತ್ತಾಳೆ, ದಸ್ತಿ ದಾಟಿ ಹಿಂದಿನ ಸೀಟಿಗೆ ಹೋಗುತ್ತಾಳೆ. ಮೊದಲು "ಅಕ್ಕಾ" ಎನ್ನುತ್ತಿದ್ದಳು. ಟಿಕೆಟ್ ಕೊಡುವ ಕಂಡಕ್ಟರ್ ಒಂದು ದಿನ ಕೇಳಿಯೇಬಿಟ್ಟ: "ಯಾರಿಗ್ರೀ ಈ ಜಾಗ?" ರತ್ನಮಾಲಾ ದಸ್ತಿ ತೆಗೆದು ಮಡಚಿಕೊಂಡಳು. ಮರುದಿನ ಮತ್ತೆ ಹಾಸಿದಳು.

ಬಸವಕಲ್ಯಾಣದ ಬಳಿಯ ನಾರಾಯಣಪುರದ ತನ್ನ ಮನೆಯಲ್ಲಿ ರತ್ನಮಾಲಾಳೇ ಮೊದಲ ಬಿ.ಎಸ್ಸಿ. ಹನ್ನೊಂದು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಅವಳೊಂದು ದ್ರಾವಣವನ್ನು ತಪ್ಪು ಬಾಟಲಿಗೆ ಸುರಿದಿದ್ದಳು. ಆಗಿನ ಮುಖ್ಯಸ್ಥ ಎಲ್ಲರನ್ನೂ ಕರೆದು, "ಓದಿದೋರ ತಲಿ ನೋಡ್ರಿ ಹ್ಯಾಂಗದ" ಎಂದಿದ್ದ. ಯಾವ ಬಾಟಲಿ ಸರಿ ಎಂದು ಹೇಳಲಿಲ್ಲ. ಅಂದೇ ಅವಳು ನಿಶ್ಚಯಿಸಿದ್ದಳು, ತಾನೆಂದಾದರೂ ಮುಖ್ಯಸ್ಥೆಯಾದರೆ ಯಾರ ಮನಸ್ಸನ್ನೂ ನೋಯಿಸುವುದಿಲ್ಲ ಎಂದು. ಎರಡು ತಿಂಗಳ ಹಿಂದೆ ಆ ಕುರ್ಚಿ ಅವಳಿಗೇ ಬಂತು.

ಕುರ್ಚಿ ಬಂದ ತಿಂಗಳಲ್ಲೇ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಪ್ರತಿ ಮಾದರಿಯನ್ನೂ ಇಬ್ಬರು ಪರೀಕ್ಷಿಸುವುದು ಅಲ್ಲಿಯ ಪದ್ಧತಿ. ಬ್ಯುರೆಟ್ ಎಂಬ ಗೆರೆ ಹಾಕಿದ ಉದ್ದನೆಯ ಗಾಜಿನ ಕೊಳವೆಯಿಂದ ದ್ರಾವಣ ಹನಿಸಿ, ಬಣ್ಣ ಬದಲಾಗಲು ಎಷ್ಟು ಇಳಿಯಿತು ಎಂದು ಓದಬೇಕು. ಜೊತೆಯ ಪರೀಕ್ಷಕ ಅಲ್ತಾಫನ ಅಂಕಿಗಿಂತ ಸ್ನೇಹಲಳ ಅಂಕಿ ಮತ್ತೆ ಮತ್ತೆ ಒಂದು ಗೆರೆ ಕಡಿಮೆ ಬರುತ್ತಿತ್ತು. ಫಲಿತಾಂಶ ಮಿತಿಯೊಳಗೇ ಇತ್ತು. ಆದರೂ ವ್ಯತ್ಯಾಸ ಸದಾ ಒಂದೇ ಕಡೆಗೆ.

ಹೇಳಿದರೆ ಹುಡುಗಿ ನೊಂದುಕೊಂಡಾಳು ಎಂದು ರತ್ನಮಾಲಾ ಹೇಳಲಿಲ್ಲ. ಬದಲಿಗೆ ವಾರದ ಪಟ್ಟಿ ಬರೆಯುವಾಗ ಬ್ಯುರೆಟ್ ಕೆಲಸವನ್ನು ಅಲ್ತಾಫನಿಗೂ ಇನ್ನೊಬ್ಬರಿಗೂ ಹಾಕಿದಳು, ಸ್ನೇಹಲಳಿಗೆ ತಕ್ಕಡಿ ಪರಿಶೀಲನೆ ಮತ್ತು ದಾಖಲೆ ಬರೆಯುವ ಕೆಲಸ ಕೊಟ್ಟಳು. ಇದು ಕನಿಕರ ಎಂದೇ ಅವಳ ಎಣಿಕೆ. ಮೂರನೆಯ ಪಟ್ಟಿಯ ಹೊತ್ತಿಗೆ ಅವಳ ಮೇಜಿಗೆ ಒಂದು ಅರ್ಜಿ ಬಂತು: ತನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ಬದಲಿಸಬೇಕು, ಇಂತಿ ಸ್ನೇಹಲ. ಅದಕ್ಕೆ ಸೋಮವಾರದೊಳಗೆ ರತ್ನಮಾಲಾ ಸಹಿ ಹಾಕಬೇಕಿತ್ತು.

ಶುಕ್ರವಾರ ಕ್ಯಾಂಟೀನಿನಲ್ಲಿ ಹೊಸ ಮುಖ್ಯಸ್ಥರಿಗೂ ಅವರ ತಂಡಗಳಿಗೂ ತರಬೇತಿ ಇತ್ತು. ವಿಷಯ, ಫೀಡ್‌ಬ್ಯಾಕ್ ಕೊಡುವುದು ಮತ್ತು ತೆಗೆದುಕೊಳ್ಳುವುದು. ಹೇಳಿಕೊಡಲು ಬಂದವರು ಅಬ್ದುಲ್ ಕರೀಂ. ಮೂವತ್ತು ವರ್ಷ ಯಂತ್ರಗಳ ನಡುವೆ ದುಡಿದು ನಿವೃತ್ತರಾದವರು. ಮೈಕು ಬೇಡವೆಂದರು.

"ಹೇಳೋದು ನೆಟ್ಟಗ ಹೇಳದ, ಬಾಯಾಗ ನೆಲ್ಲಿಕಾಯಿ ಇಟ್ಕೊಂಡು ಮಾತಾಡೋರು ಕೈ ಎತ್ರಿ" ಎಂದರು.

ಯಾರೂ ಎತ್ತಲಿಲ್ಲ. ಹಿಂದಿನಿಂದ ಅಲ್ತಾಫ್, "ಸಾಬ್, ನಮ್ಮ ಮೇಡಂ ಬೈಯಂಗಿಲ್ರಿ, ಅದಕ್ಕೇ ನಮಗ ಅಂಜಿಕಿ" ಎಂದ. ಎಲ್ಲರೂ ನಕ್ಕರು. ಸ್ನೇಹಲ ನಗಲಿಲ್ಲ. ರತ್ನಮಾಲಾ ಅದನ್ನು ಗಮನಿಸಿದಳು.

ಕರೀಂ ಸಾಹೇಬರು ಪಾಠ ಶುರುಮಾಡುವ ಮೊದಲೇ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. "ಮೊದಲ ಕೇಳೋದು ದೊಡ್ಡ ಕುರ್ಚಿಯವರು. 'ನಾ ಮಾಡೋದು ಯಾವುದರಿಂದ ನಿಮ್ಮ ಕೆಲಸಕ್ಕ ತ್ರಾಸ ಆಗಾಕತ್ತದ' ಅಂತ ಕೇಳ್ರಿ. ಹೇಳೋರು, ಕಂಡದ್ದು ಹೇಳ್ರಿ. ಎಂದು, ಏನು, ಅದರಿಂದ ಏನಾತು. 'ನೀವು ಇಂಥೋರು, ಅಂಥೋರು' ಬ್ಯಾಡ. ಕೇಳಿಸ್ಕೊಳ್ಳೋರು ನಡುವ ಬಾಯಿ ಹಾಕಬ್ಯಾಡ್ರಿ, ತಿಳಿಲಿಲ್ಲಂದ್ರ ಮತ್ತ ಕೇಳ್ರಿ. ಯಾಕ ಹಂಗ ಮಾಡಿದೆ ಅನ್ನೋ ವಕಾಲತ್ತು ಇವತ್ತಿಗೆ ಬಂದ್."

ರತ್ನಮಾಲಾಳ ಎದುರು ಸ್ನೇಹಲಳೇ ಬಂದು ಕೂತಳು. ಆರು ವರ್ಷ ಒಂದೇ ಡಬ್ಬಿಯಲ್ಲಿ ಜೋಳದ ರೊಟ್ಟಿ ಮುರಿದು ತಿಂದವರು ಈಗ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ರತ್ನಮಾಲಾ ಪ್ರಶ್ನೆ ಕೇಳಿದಳು.

"ಮೂರು ವಾರದ ಪಟ್ಟಿ ನೋಡೀನ್ರಿ ಮೇಡಂ" ಎಂದಳು ಸ್ನೇಹಲ. "ಬ್ಯುರೆಟ್ ಕೆಲಸದಾಗ ನನ್ನ ಹೆಸರಿಲ್ಲ. ಯಾಕ ಅಂತ ನೀವು ಹೇಳಿಲ್ಲ. ನನ್ನ ಕೈ ಕೆಟ್ಟದ ಅಂತ ನಾನೇ ತಿಳ್ಕೊಂಡೆ. ಈಗ ಮನ್ಯಾಗ ಚಹಾಕ್ಕ ಸಕ್ಕರಿ ಹಾಕೋ ಮುಂದನೂ ಎರಡು ಸಲ ನೋಡ್ತೀನಿ."

ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂಬ ಮಾತು ರತ್ನಮಾಲಾಳ ತುಟಿಯ ತನಕ ಬಂತು. ಅದು ವಕಾಲತ್ತು. ನುಂಗಿದಳು.

"ಪಟ್ಟಿ ಒಂದೇ ಏನು, ಮತ್ತ ಇನ್ನೇನರ ಅದ?"

"ದಸ್ತಿ ಹಾಸ್ತೀರಿ. ಕೆಲಸಕ್ಕ ಆಗದಾಕಿ ನಾನು, ನಿಮ್ಮ ಪಕ್ಕದಾಗ ಕುಂತು ಏನು ಮಾತಾಡ್ಲಿ?"

ರತ್ನಮಾಲಾ ಕಿಟಕಿಯ ಕಡೆ ನೋಡಿದಳು. ಕಣ್ಣು ಒಣಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, "ಹೇಳಿದ್ದು ಛಲೋ ಆತು" ಎಂದಳು. ಸರದಿ ಬದಲಾಯಿತು. ಅವಳು ಕಂಡದ್ದನ್ನಷ್ಟೇ ಹೇಳಿದಳು: "ಪಟ್ಟಿ ಬದಲಿಸೋಕಿಂತ ಮೊದಲಿನ ಐದು ಮಾದರಿ ನೋಡೀನಿ. ನಾಕರಾಗ ನಿಂದು ಒಂದು ಗೆರಿ ಕಮ್ಮಿ. ಯಾಕ ಅಂತ ನನಗ ಗೊತ್ತಿಲ್ಲ. ಅವತ್ತೇ ನಿನ್ನ ಕೇಳಬೇಕಿತ್ತು, ಕೇಳಲಿಲ್ಲ. ನಿನಗೇನು ಅನಸ್ತದ?"

ಸ್ನೇಹಲ ಬೆರಳು ಮಡಚಿ ಆ ದಿನಗಳನ್ನು ಎಣಿಸಿದಳು. "ನಾಕೂ ಬ್ಯುರೆಟ್ ನಿಲ್ಲಿಸೋ ಹೊಸ ಕಟ್ಟಿ ಮ್ಯಾಲ ಮಾಡಿದ್ದೇನ್ರಿ?"

ನಾಲ್ಕನ್ನೂ ಅಲ್ಲೇ ಮಾಡಿದ್ದು. ಊಟದ ಬಿಡುವಿನಲ್ಲಿ ಇಬ್ಬರೂ ಪರೀಕ್ಷಾಲಯಕ್ಕೆ ಹೋದರು. ಹೊಸ ಕಟ್ಟೆಯ ಮೇಲಿನ ಬ್ಯುರೆಟ್‌ನಲ್ಲಿ ಬರೀ ನೀರು ತುಂಬಿಸಿ, ಮಾಮೂಲಿನಂತೆ ಓದಲು ರತ್ನಮಾಲಾ ಹೇಳಿದಳು. ಕೆಳಗಿನ ಅಂಕಿ ಓದಲು ಸ್ನೇಹಲ ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೇ ತಂದಳು. ಅದರಲ್ಲಿ ತಪ್ಪಿರಲಿಲ್ಲ. ಮೇಲಿನ ಸೊನ್ನೆಗೆ ಹೊಂದಿಸುವಾಗ ಮಾತ್ರ ತುದಿಗಾಲಲ್ಲಿ ನಿಂತರೂ ಅವಳ ಕಣ್ಣು ನಾಲ್ಕು ಬೆರಳು ಕೆಳಗೇ ಉಳಿಯಿತು. ಕೆಳಗಿನಿಂದ ನೋಡುವವರಿಗೆ ನೀರಿನ ಮಟ್ಟ ಇರುವುದಕ್ಕಿಂತ ಕೆಳಗೆ ಕಾಣುತ್ತದೆ. ಹಾಗಾಗಿ ಅವಳ ಸೊನ್ನೆ ನಿಜವಾದ ಸೊನ್ನೆಗಿಂತ ಮೇಲಿತ್ತು, ಇಳಿದ ದ್ರಾವಣದಲ್ಲಿ ಒಂದು ಗೆರೆಯಷ್ಟು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಹಾಕಿಸಿದ ಆ ಕಟ್ಟೆ ಹಳೆಯದಕ್ಕಿಂತ ಎತ್ತರ. ಉದ್ದ ಆಳಾದ ಅಲ್ತಾಫನನ್ನು ನಿಲ್ಲಿಸಿ ಅಳತೆ ತೆಗೆಸಿದವಳು ರತ್ನಮಾಲಾಳೇ.

"ಕೈ ಕೆಟ್ಟಿಲ್ಲ ನಿಂದು" ಎಂದಳು. "ಕಟ್ಟಿ ನಾ ತಪ್ಪು ಮಾಡಿಸೀನಿ."

ಅಗಲವಾದ ಒಂದು ಗಟ್ಟಿ ಸ್ಟೂಲು ತಂದು ಹಾಕಿದರು. ಸ್ನೇಹಲ ಅದರ ಮೇಲೆ ನಿಂತು ಮೂರು ಸಲ ಓದಿದಳು. ಅಲ್ತಾಫನೂ ಓದಿದ. ಇಬ್ಬರ ಗೆರೆಯೂ ಕೂಡಿತು. ಕಟ್ಟೆ ಹಾಕಿಸಿದಂದಿನಿಂದ ಸ್ನೇಹಲ ಮಾಡಿದ ಪರೀಕ್ಷೆಗಳನ್ನು ಮತ್ತೆ ನೋಡಬೇಕೆಂದು, ಕಾರಣ ಸಹಿತ, ರತ್ನಮಾಲಾ ಗುಣಮಟ್ಟ ವಿಭಾಗಕ್ಕೆ ಬರೆದು ಕೊಟ್ಟಳು. ತಾನು ಗಮನಿಸಿಯೂ ಸುಮ್ಮನಿದ್ದೆ ಎಂಬ ಸಾಲನ್ನೂ ಸೇರಿಸಿದಳು.

ಸಂಜೆ ಅರ್ಜಿಯನ್ನು ಸ್ನೇಹಲಳ ಮುಂದಿಟ್ಟಳು. "ಹರದು ಹಾಕ್ಲಿ?"

"ಬ್ಯಾಡ್ರಿ ಮೇಡಂ. ಸಹಿನೂ ಬ್ಯಾಡ. ಒಂದು ತಿಂಗಳು ಡ್ರಾದಾಗೇ ಇರ್ಲಿ. ನೋಡೂಣು."

ರತ್ನಮಾಲಾ ಅದನ್ನು ಡ್ರಾಯರಿನಲ್ಲಿಟ್ಟಳು. "ಅಕ್ಕಾ" ಎಂಬ ಹಳೆಯ ಕರೆ ಆ ಮಾತಿನಲ್ಲಿರಲಿಲ್ಲ.

ಶನಿವಾರ ಏಳರ ಬಸ್ಸಿನಲ್ಲಿ ಅವಳು ದಸ್ತಿ ಕೈಯಲ್ಲೇ ಹಿಡಿದು ಕೂತಿದ್ದಳು. ರಾಜೇಶ್ವರ ಹತ್ತಿರ ಬಂದಾಗ ಹಾಸಿದಳು. ಸ್ನೇಹಲ ಹತ್ತಿ, ಬಾಗಿಲ ಬಳಿ ಕ್ಷಣ ನಿಂತಳು. ಹಿಂದಿನ ಸೀಟುಗಳೂ ಖಾಲಿ ಇದ್ದವು. ಅವಳು ದಸ್ತಿ ಎತ್ತಿ, ಮಡಚಿ, ರತ್ನಮಾಲಾಳ ಕೈಗೆ ಕೊಟ್ಟು ಕೂತಳು. ಬಸ್ಸು ಹೆದ್ದಾರಿಗೆ ಬಂತು.

"ಮೇಡಂ" ಎಂದಳು ಆಮೇಲೆ, "ನಿನ್ನೆ ನೀವು ಬರೆದ ಕಾಗದದಾಗ ತಾರೀಖು ತಪ್ಪದ. ಕಟ್ಟಿ ಹಾಕಿಸಿದ್ದು ಎಂಟಕ್ಕಲ್ಲ, ಹದಿನೆಂಟಕ್ಕ."

"ಎಷ್ಟನೇ ಸಾಲಿನಾಗ?" ಎಂದು ರತ್ನಮಾಲಾ ಕೇಳಿ, ಪೆನ್ನು ಹುಡುಕಲು ಚೀಲ ತೆರೆದಳು. ಡಬ್ಬಿಯಲ್ಲಿ ರೊಟ್ಟಿ ಇಬ್ಬರಿಗಾಗುವಷ್ಟಿತ್ತು. ಮೂರು ವಾರವೂ ಅಷ್ಟೇ ಇರುತ್ತಿತ್ತು.