ಋ ಆದಮೇಲೆ ಎಲ್ಲಿಗೆ?

ಸಂತೇಬೆನ್ನೂರಿನ ಹತ್ತಿರದ ಒಂದೇ ಕೋಣೆಯ ಶಾಲೆಗೆ ಸಾವಂತ್ರಮ್ಮನೇ ಹೆಡ್ಡು, ಆಕೆಯೇ ಟೀಚರು. ಎಡಗಡೆ ಕೂತವರಿಗೆ ಮಗ್ಗಿ, ಬಲಗಡೆಯವರಿಗೆ ಅ ಆ ಇ ಈ. ಎರಡನ್ನೂ ಒಟ್ಟಿಗೇ ನಡೆಸುವುದು ಆಕೆಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಎಂಬತ್ತಾರನೇ ಇಸವಿಯಲ್ಲಿ ಗಂಡನ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಗಾಯ ಮಾಯಿತು, ಆದರೆ ಆಕೆಯ ಮಾತು, ಕೈ ಎರಡೂ ನಿಧಾನವಾದವು. ಬುದ್ಧಿ ಸರಿಯಿದೆಯೆಂದು ಡಾಕ್ಟರು ಬರೆದುಕೊಟ್ಟರಷ್ಟೇ ಪಾಠ, ಇಲ್ಲವಾದರೆ ಆಫೀಸಿನಲ್ಲಿ ಕುರ್ಚಿ ಎಂದರು ಮೇಲಿನವರು. ಮಕ್ಕಳಿಲ್ಲದ ಕುರ್ಚಿ ಯಾರಿಗೆ ಬೇಕು? ಸಾವಂತ್ರಮ್ಮನಿಗೆ ಭಯವಾಗಿಬಿಟ್ಟಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರ ಓದಿದ ಅನ್ನಪೂರ್ಣಮ್ಮ ಗಡಿಯಾರ ಹಿಡಿದು ಕೂತರು. ಮೊದಲ ಹಾಳೆಯಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಅಂಕಿಗಳನ್ನು ಕ್ರಮವಾಗಿ ಗೆರೆಯೆಳೆದು ಸೇರಿಸಬೇಕು. ಸಾವಂತ್ರಮ್ಮ ತಪ್ಪಿಲ್ಲದೆ, ಆಮೆಯಂತೆ ಮುಗಿಸಿದರು. ಎರಡನೆಯ ಹಾಳೆಯಲ್ಲಿ ಅಂಕಿಗೊಂದು, ಅಕ್ಷರಕ್ಕೊಂದು ಸರದಿ: ಒಂದು, ಅ, ಎರಡು, ಆ. ಏಳು, ಋ, ಎಂಟರವರೆಗೂ ಸರಾಗವಾಗಿ ಹೋದ ಪೆನ್ಸಿಲ್ಲು ಅಲ್ಲೇ ನಿಂತಿತು. ಗಡಿಯಾರ ಓಡುತ್ತಲೇ ಇತ್ತು.

"ಮುಂದೆ ಹೋಗ್ರಿ."

"ದೀರ್ಘ ೠ ಎಲ್ಲೈತ್ರೀ? ಹುಡುಕಾಕತ್ತೀನಿ."

ಹಾಳೆಯಲ್ಲಿ ಅದು ಇರಲೇ ಇಲ್ಲ. ಋ ಆದಮೇಲೆ ನೇರ ಎ. ಹಳೇ ಕಾಲದ ಅಕ್ಷರಮಾಲೆಯನ್ನು ಉರು ಹೊಡೆಸುವ ಟೀಚರಮ್ಮ ಒಂದಕ್ಷರವನ್ನೂ ಬಿಟ್ಟುಕೊಡುವವರಲ್ಲ! ಅನ್ನಪೂರ್ಣಮ್ಮನಿಗೆ ನಗು ತಡೆಯಲಾಗಲಿಲ್ಲ. "ತಪ್ಪು ನಂದೇರಿ, ಮೊದಲೇ ಹೇಳಬೇಕಿತ್ತು. ಇದನ್ನ ಲೆಕ್ಕಕ್ಕೆ ಹಿಡಿಯಾಕಾಗಲ್ಲ. ಬೇರೆ ಹಾಳೆ ಕೊಡ್ತೀನಿ, ಮುಂದಿನ ವಾರ ಬರ್ರಿ."

ಆ ವಾರ ಸಾವಂತ್ರಮ್ಮನಿಗೆ ಊಟ ಸೇರಲಿಲ್ಲ.

ಹೊಸ ಹಾಳೆಗಳಲ್ಲಿ ಗುರುತುಗಳ ಜಾಗ ಬದಲಾಗಿತ್ತು, ೠ ಇಲ್ಲವೆಂದು ಮೊದಲೇ ಹೇಳಿದ್ದಾಗಿತ್ತು. ಆಕೆ ಎಲ್ಲೂ ನಿಲ್ಲದೆ ಮುಗಿಸಿದರು. ಅನ್ನಪೂರ್ಣಮ್ಮ ಎರಡು ಹಾಳೆಗೂ ಹಿಡಿದ ಹೊತ್ತನ್ನು ಪಕ್ಕಪಕ್ಕ ಬರೆದರು. "ನೋಡ್ರಿ, ಬರೀ ಅಂಕಿಗೂ ನಿಮ್ಮ ವಯಸ್ಸಿನೋರ ದುಪ್ಪಟ್ಟು ಹೊತ್ತು ಹಿಡಿದೈತೆ, ಅಂಕಿ-ಅಕ್ಷರದ ಹಾಳೆಗೂ ಅವರ ದುಪ್ಪಟ್ಟೇ. ಒಂದರಿಂದ ಇನ್ನೊಂದಕ್ಕೆ ಮನಸ್ಸು ಹೊರಳಾಕೆ ಕಷ್ಟ ಇದ್ದಿದ್ದರೆ ಎರಡನೇ ಹಾಳೆ ಮಾತ್ರ ಎಳೀತಿತ್ತು. ನಿಮಗೆ ವೇಗ ಕಡಿಮೆ ಆಗೈತೆ, ಅಷ್ಟೇ."

ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು. ಪಾಠ ಮಾಡಬಹುದು, ಕೆಲಸಕ್ಕೆ ಹೆಚ್ಚು ಹೊತ್ತು ಕೊಡಬೇಕು ಎಂದು ಡಾಕ್ಟರು ಬರೆದುಕೊಟ್ಟರು. ಸಾವಂತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂತೋಷಕ್ಕೂ ಕಣ್ಣೀರು ಬರುತ್ತದೆ, ಅದಕ್ಕೇನು ಮಾಡುವುದು?

ಸಂಜೆಯ ಬಸ್ಸಿನಲ್ಲಿ, ಮಗಳನ್ನು ಆಕೆಯ ಶಾಲೆಗೇ ಕಳಿಸುತ್ತಿದ್ದ ಕಂಡಕ್ಟರ್ ಕಲ್ಲೇಶಪ್ಪ ಕೇಳಿದರು, "ಹೆಂಗಾತ್ರೀ ಟೀಚರ್?" ಆಕೆ ಬಿದ್ದ ದಿನದಿಂದ ಆಕೆಯ ಪ್ರತಿ ಮಾತನ್ನೂ ಪ್ರೀತಿಯಿಂದಲೇ ಕಸಿದು ತಾವೇ ಮುಗಿಸುತ್ತಿದ್ದ ಗಂಡ ಮಹೇಶ್ವರಪ್ಪ ಪಕ್ಕದಲ್ಲೇ ಬಾಯಿ ತೆರೆದರು. ಆಕೆಯ ಮುಖ ನೋಡಿ ಮುಚ್ಚಿಕೊಂಡರು.

"ನಿಮ್ಮ ಮಗಳಿಗೆ," ಎಂದು ಸಾವಂತ್ರಮ್ಮ ಶುರುಮಾಡಿದರು. ಕಲ್ಲೇಶಪ್ಪ ಕಾದರು, ಮಹೇಶ್ವರಪ್ಪನೂ ಕಾದರು. "ಸೋಮವಾರ ಸ್ಲೇಟು ತರಾಕೆ ಹೇಳ್ರಿ."